ವಿಮಾನ ಹತ್ತುವ ಮುನ್ನ ಫೈಲುಗಳನ್ನು ಫೋನಿನಲ್ಲೇ ಇಟ್ಟುಕೊಳ್ಳುವುದು ಹೇಗೆ?

"ಡ್ರೈವ್‌ನಲ್ಲಿ ಎಲ್ಲಾ ಇದೆ, ಆದರೆ ಅಲ್ಲಿಗೆ ಹೋದಾಗ ತೆರೆಯಲೇ ಇಲ್ಲ." ಈ ಮಾತನ್ನು ಬೇರೆ ಬೇರೆ ರೂಪದಲ್ಲಿ ಓದುಗರು ಕೇಳುತ್ತಲೇ ಇದ್ದಾರೆ. ಅದರಲ್ಲೂ ಜಾಸ್ತಿ ಕೇಳುವವರು ಅಪ್ಪ ಅಮ್ಮನನ್ನು ಮೊದಲ ಸಲ ಹೊರದೇಶಕ್ಕೆ ಕರೆಸಿಕೊಳ್ಳುತ್ತಿರುವ ಮಕ್ಕಳು. ಟಿಕೆಟ್, ವೀಸಾ, ವಿಮೆ ಎಲ್ಲವನ್ನೂ ಒಂದು ಫೋಲ್ಡರಿಗೆ ಹಾಕಿ ಲಿಂಕ್ ಕಳಿಸಿರುತ್ತಾರೆ. ಮನೆಯ ವೈಫೈನಲ್ಲಿ ಎಲ್ಲವೂ ಚೆನ್ನಾಗಿ ತೆರೆಯುತ್ತದೆ. ವಿಮಾನ ಇಳಿದ ಮೇಲೆ ಆ ದೇಶದ ಸಿಮ್ ಇಲ್ಲ, ರೋಮಿಂಗ್ ಹಾಕಿಸಿಲ್ಲ. ಪರದೆಯ ಮೇಲೆ ಚಕ್ರ ಸುಮ್ನೆ ಸುತ್ತುತ್ತಲೇ ಇರುತ್ತದೆ.

ಹಾಗಾಗಿ ಈ ಲೇಖನಕ್ಕೆ ಅದೇ ಉದಾಹರಣೆ ತೆಗೆದುಕೊಂಡಿದ್ದೇನೆ. ಅಪ್ಪ ಅಮ್ಮ ಇಬ್ಬರೇ ಬೆಂಗಳೂರಿನಿಂದ ದುಬೈ ಮೂಲಕ ಚಿಕಾಗೋಗೆ ಹೊರಟಿದ್ದಾರೆ ಅಂದುಕೊಳ್ಳಿ. ಮಗ ಅಲ್ಲಿದ್ದಾನೆ. ಇಬ್ಬರ ಕೈಯಲ್ಲೂ ಆಂಡ್ರಾಯ್ಡ್ ಫೋನ್, ಕಾಗದಪತ್ರಗಳು ಬಹುತೇಕ ಗೂಗಲ್ ಡ್ರೈವ್‌ನಲ್ಲಿ. ದುಬೈಯಲ್ಲಿ ವಿಮಾನ ಬದಲಿಸುವ ಹೊತ್ತೂ ಸೇರಿದರೆ ಇಪ್ಪತ್ತು ಗಂಟೆಯ ಮೇಲಾಗುತ್ತದೆ. ಅಷ್ಟು ಹೊತ್ತು ಇಂಟರ್ನೆಟ್ ಇರುವುದೇ ಇಲ್ಲ ಎಂದು ಲೆಕ್ಕ ಹಾಕಿಕೊಂಡೇ ತಯಾರಿ ಮಾಡೋಣ. ವಿಮಾನ ನಿಲ್ದಾಣದಲ್ಲಿ ಉಚಿತ ವೈಫೈ ಇರುತ್ತದಲ್ವಾ ಅನ್ನಬಹುದು. ಕೆಲವು ಕಡೆ ಅದಕ್ಕೂ ಫೋನಿಗೆ ಓಟಿಪಿ ಬರಬೇಕು. ಸಿಮ್ ಕೆಲಸ ಮಾಡದಿದ್ದರೆ ಓಟಿಪಿ ಬರುವುದಿಲ್ಲ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ

ಡ್ರೈವ್ ಆ್ಯಪ್‌ನಲ್ಲಿ ಫೈಲಿನ ಹೆಸರು ಕಾಣುತ್ತದೆ ಅಂದರೆ ಫೈಲು ಫೋನಿನಲ್ಲಿದೆ ಎಂದಲ್ಲ. ನೀವು ನೋಡುತ್ತಿರುವುದು ಪಟ್ಟಿ ಮಾತ್ರ. ಫೈಲು ಗೂಗಲ್‌ನ ಕಂಪ್ಯೂಟರುಗಳಲ್ಲಿರುತ್ತದೆ. ನೀವು ಮುಟ್ಟಿದಾಗ ಅಲ್ಲಿಂದ ಇಳಿದು ಬರುತ್ತದೆ. ಆಫ್‌ಲೈನ್ ಮಾಡುವುದು ಅಂದರೆ ಅದರ ಒಂದು ಪ್ರತಿಯನ್ನು ಮೊದಲೇ ಫೋನಿಗೆ ಇಳಿಸಿ, ಇಂಟರ್ನೆಟ್ ಇಲ್ಲದಾಗಲೂ ತೆರೆಯುವಂತೆ ಇಟ್ಟುಕೊಳ್ಳುವುದು.

ಮೋಸ ಹೋಗುವುದು ಇಲ್ಲೇ. ಇವತ್ತು ಒಂದು ಫೈಲು ತೆರೆದು ನೋಡಿದರೆ ಆ್ಯಪ್ ಅದನ್ನು ಸ್ವಲ್ಪ ಕಾಲ ತನ್ನ ಬಳಿ ಇಟ್ಟುಕೊಂಡಿರುತ್ತದೆ. ಇದಕ್ಕೆ ಕ್ಯಾಶ್ ಎನ್ನುತ್ತಾರೆ, ತಾತ್ಕಾಲಿಕ ಪ್ರತಿ ಎಂದರ್ಥ. ವೈಫೈ ಆರಿಸಿ ನೋಡಿದರೂ ಆ ಫೈಲು ತೆರೆದುಬಿಡಬಹುದು. "ಅರೆ, ತೆರೆಯುತ್ತಿದೆಯಲ್ಲ" ಅಂತ ನಾವು ಸುಮ್ಮನಾಗುತ್ತೇವೆ. ತಾತ್ಕಾಲಿಕ ಪ್ರತಿ ಎಷ್ಟು ದಿನ ಇರುತ್ತದೆ ಎನ್ನುವುದಕ್ಕೆ ಯಾವ ಭರವಸೆಯೂ ಇಲ್ಲ. ಜಾಗ ಬೇಕಾದಾಗ ಫೋನ್ ಅದನ್ನು ಕೇಳದೆಯೇ ಅಳಿಸುತ್ತದೆ. ಆದ್ದರಿಂದ ಒಮ್ಮೆ ತೆರೆದು ನೋಡಿದ್ದು ಸಾಲದು, ಆಫ್‌ಲೈನ್ ಎಂದು ನೀವೇ ಗುರುತು ಮಾಡಬೇಕು.

ಏನೇನು ಬೇಕು

ಒಳ್ಳೆಯ ವೈಫೈ, ಅರ್ಧ ಗಂಟೆ ಪುರಸೊತ್ತು, ಫೋನಿನಲ್ಲಿ ಸ್ವಲ್ಪ ಖಾಲಿ ಜಾಗ. ಕಾಗದಪತ್ರಗಳಿಗೆ ಜಾಗ ಜಾಸ್ತಿ ಬೇಡ. ಟಿಕೆಟ್‌ನ ಪಿಡಿಎಫ್ ಸಾಮಾನ್ಯವಾಗಿ 1 ಎಂಬಿಯೂ ಇರುವುದಿಲ್ಲ, ಫೋನಿನಲ್ಲಿ ತೆಗೆದ ಪಾಸ್‌ಪೋರ್ಟ್ ಫೋಟೋ 3-4 ಎಂಬಿ ಇರಬಹುದು. ಎಲ್ಲ ಸೇರಿದರೂ 50 ಎಂಬಿ ದಾಟುವುದು ಕಷ್ಟ. ಆದರೆ ಫೋನ್ ಪೂರ್ತಿ ತುಂಬಿದ್ದರೆ ಅಷ್ಟಕ್ಕೂ ಜಾಗ ಸಿಗದು. ಹಿರಿಯರ ಫೋನುಗಳು ವಾಟ್ಸಾಪ್‌ನ ಶುಭೋದಯ ವಿಡಿಯೋಗಳಿಂದಲೇ ತುಂಬಿರುತ್ತವೆ, ಮೊದಲು ಅವನ್ನು ಖಾಲಿ ಮಾಡಿಸಿ.

ಇದನ್ನು ಹೊರಡುವ ಹಿಂದಿನ ದಿನ ಮಾಡಿ. ವಾರದ ಮುಂಚೆ ಮಾಡಿದರೆ ಟಿಕೆಟ್ ಬದಲಾಗಬಹುದು. ಟ್ಯಾಕ್ಸಿಯಲ್ಲಿ ಕೂತು ಮಾಡಿದರೆ ಪೂರ್ತಿ ಇಳಿಯುವ ಮುನ್ನವೇ ನಿಲ್ದಾಣ ಬಂದಿರುತ್ತದೆ.

1. ಫೈಲುಗಳನ್ನು ಒಂದೇ ಕಡೆ ಸೇರಿಸಿ

ನಮ್ಮ ಉದಾಹರಣೆಯಲ್ಲಿ ಬೇಕಾದ್ದು ಇಷ್ಟು: ಇಬ್ಬರ ಪಾಸ್‌ಪೋರ್ಟಿನ ಫೋಟೋ ಇರುವ ಪುಟ, ಇಬ್ಬರ ವೀಸಾ, ಹೋಗಿ ಬರುವ ಟಿಕೆಟ್, ಪ್ರಯಾಣ ವಿಮೆ, ಅಪ್ಪನ ಬಿಪಿ ಮಾತ್ರೆಗೆ ಡಾಕ್ಟರ್ ಬರೆದ ಚೀಟಿ, ಮಗನ ಮನೆಯ ವಿಳಾಸ ಮತ್ತು ಫೋನ್ ನಂಬರ್ ಬರೆದ ಒಂದು ಪುಟ. ಒಟ್ಟು ಎಂಟು ಫೈಲು.

ಇವನ್ನು ಹಂಚುವಾಗ ಮಗ ಒಂದು ಎಚ್ಚರ ವಹಿಸಬೇಕು. ಲಿಂಕ್ ಇದ್ದ ಯಾರು ಬೇಕಾದರೂ ನೋಡಬಹುದು ಎಂದು ಬಿಟ್ಟರೆ, ಪಾಸ್‌ಪೋರ್ಟ್ ಪ್ರತಿಯ ಲಿಂಕ್ ಯಾವುದೋ ಕುಟುಂಬದ ಗುಂಪಿಗೆ ಹೋಗಿ ಅಲ್ಲಿಂದ ಮುಂದಕ್ಕೂ ಹೋಗಬಹುದು. ಅಪ್ಪ ಅಮ್ಮನ ಜಿಮೇಲ್ ವಿಳಾಸ ಹಾಕಿ, ಅವರಿಗೆ ಮಾತ್ರ ಹಂಚಿ. ಇದರಿಂದ ಇನ್ನೊಂದು ಅನುಕೂಲವೂ ಇದೆ: ಆ ಫೈಲುಗಳು ಅವರ ಡ್ರೈವ್‌ನ `Shared` ಭಾಗದಲ್ಲಿ ತಾವಾಗಿ ಕಾಣುತ್ತವೆ.

2. ಸರಿಯಾದ ಖಾತೆಯಲ್ಲಿದ್ದೀರಾ, ನೋಡಿ

ಡ್ರೈವ್ ತೆರೆದು ಬಲಗಡೆ ಮೇಲಿರುವ ದುಂಡನೆಯ ಚಿತ್ರವನ್ನು ಮುಟ್ಟಿ. ಯಾವ ಜಿಮೇಲ್ ಎಂದು ಕಾಣುತ್ತದೆ. ಎಷ್ಟೋ ಹಿರಿಯರ ಫೋನಿನಲ್ಲಿ ಎರಡು ಖಾತೆ ಇರುತ್ತವೆ. ಒಂದು ಫೋನ್ ಕೊಂಡಾಗ ಅಂಗಡಿಯವನು ಮಾಡಿಕೊಟ್ಟದ್ದು, ಇನ್ನೊಂದು ಮಕ್ಕಳು ಮಾಡಿಕೊಟ್ಟದ್ದು. ಒಂದರಲ್ಲಿ ಗುರುತು ಮಾಡಿದ ಫೈಲು ಇನ್ನೊಂದರಲ್ಲಿ ಕಾಣುವುದಿಲ್ಲ. ಯಾವ ಖಾತೆಯಲ್ಲಿ ಮಾಡಿದಿರಿ ಎಂದು ಒಂದು ಚೀಟಿಯಲ್ಲಿ ಬರೆದಿಡಿ.

ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಮುಟ್ಟಿದರೆ ಕೆಲವು ಸಲ ಫೈಲು ಡ್ರೈವ್ ಆ್ಯಪ್‌ನಲ್ಲಿ ತೆರೆಯದೆ ಕ್ರೋಮ್‌ನಲ್ಲಿ ತೆರೆಯುತ್ತದೆ. ಅಲ್ಲಿ ನಮಗೆ ಬೇಕಾದ ಆಯ್ಕೆ ಇರುವುದಿಲ್ಲ. ಆದ್ದರಿಂದ ಲಿಂಕ್ ಹಿಡಿದು ಹೋಗಬೇಡಿ, ಡ್ರೈವ್ ಆ್ಯಪನ್ನೇ ತೆರೆದು ಫೈಲು ಹುಡುಕಿ.

3. ಆಫ್‌ಲೈನ್ ಗುರುತು ಮಾಡಿ

ಫೈಲಿನ ಹೆಸರಿನ ಪಕ್ಕ ಮೂರು ಚುಕ್ಕೆ ಇರುತ್ತದೆ. ಅದನ್ನು ಮುಟ್ಟಿ, ಬರುವ ಪಟ್ಟಿಯಲ್ಲಿ `Make available offline` ಒತ್ತಿ. ಫೋನ್ ಕನ್ನಡದಲ್ಲಿದ್ದರೆ ಇದು ಕನ್ನಡದಲ್ಲಿ ಬರುತ್ತದೆ. ಆಗ ವೃತ್ತದೊಳಗೆ ಸರಿ ಗುರುತು ಇರುವ ಚಿತ್ರ ನೋಡಿ ಹಿಡಿಯಬಹುದು.

ಎಂಟು ಫೈಲಿಗೆ ಎಂಟು ಸಲ ಮಾಡಬೇಕಿಲ್ಲ. ಒಂದು ಫೈಲಿನ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಅದು ಆಯ್ಕೆಯಾಗುತ್ತದೆ. ನಂತರ ಉಳಿದವನ್ನು ಒಂದೊಂದಾಗಿ ಮುಟ್ಟಿ, ಮೇಲಿನ ಮೂರು ಚುಕ್ಕೆಯಲ್ಲಿ ಇದೇ ಆಯ್ಕೆ ಒತ್ತಿ. ಫೋಲ್ಡರನ್ನೇ ಇಡಿಯಾಗಿ ಗುರುತು ಮಾಡೋಣ ಎಂದು ಹುಡುಕುತ್ತಾ ಕೂರಬೇಡಿ. ಫೋಲ್ಡರಿನ ಒಳಗೆ ಹೋಗಿ ಫೈಲುಗಳನ್ನೇ ಆರಿಸಿ.

ಆಯ್ಕೆಯೇ ಕಾಣದಿದ್ದರೆ ಫೈಲು ಹಂಚಿದವರು ಡೌನ್‌ಲೋಡ್ ಮಾಡದಂತೆ ತಡೆದಿರಬಹುದು. ಆಫ್‌ಲೈನ್ ಮಾಡುವುದು ಅಂದರೂ ಇಳಿಸಿಕೊಳ್ಳುವುದೇ ಅಲ್ವಾ? ಕೆಲವು ಟ್ರಾವೆಲ್ ಏಜೆಂಟರು, ಕಚೇರಿಗಳು ಹೀಗೆ ಹಂಚುವುದುಂಟು. ಆಗ ಅವರನ್ನೇ ಕೇಳಿ ಮೇಲ್‌ನಲ್ಲಿ ಪಿಡಿಎಫ್ ತರಿಸಿಕೊಳ್ಳಬೇಕು, ಬೇರೆ ದಾರಿ ಇಲ್ಲ.

4. ನಿಜವಾಗಿ ಇಳಿಯಲು ಬಿಡಿ

ಗುರುತು ಮಾಡಿದ ಕ್ಷಣವೇ ಫೈಲು ಇಳಿದಿರುವುದಿಲ್ಲ. ನೀವು ಮಾಡಿದ್ದು ಕೋರಿಕೆ ಮಾತ್ರ. ಡ್ರೈವ್‌ನ ಎಡಗಡೆ ಮೇಲಿನ ಮೂರು ಗೆರೆ ಮುಟ್ಟಿ, `Settings` ಒಳಗೆ ಹೋದರೆ `Transfer files only over Wi-Fi` ಎಂಬ ಸ್ವಿಚ್ ಇದೆ. ವೈಫೈ ಇದ್ದಾಗ ಮಾತ್ರ ಇಳಿಸು ಎಂದು ಇದರ ಅರ್ಥ. ಇದು ಆನ್ ಇದ್ದು, ನೀವು ಮೊಬೈಲ್ ಡೇಟಾದಲ್ಲಿದ್ದರೆ ಫೈಲುಗಳು ವೈಫೈಗಾಗಿ ಕಾಯುತ್ತಾ ಕೂರುತ್ತವೆ. ಒಂದೂ ಇಳಿಯುವುದಿಲ್ಲ, ಯಾರೂ ಬಂದು ಹೇಳುವುದೂ ಇಲ್ಲ. ನನ್ನ ಬಳಿ ಬಂದ ದೂರುಗಳಲ್ಲಿ ಹೆಚ್ಚಿನವು ಈ ಒಂದು ಸ್ವಿಚ್‌ಗೆ ಸೇರಿದ್ದು. ಮನೆಯಲ್ಲಿ ವೈಫೈ ಇಲ್ಲದಿದ್ದರೆ ಇದನ್ನು ಆಫ್ ಮಾಡಿ. ಕಾಗದಪತ್ರಗಳಿಗೆ ಡೇಟಾ ಖರ್ಚು ತೀರಾ ಕಡಿಮೆ.

ಬ್ಯಾಟರಿ ಉಳಿಸುವ ಮೋಡ್ ಆನ್ ಇದ್ದರೆ ಅದನ್ನೂ ಆ ಹೊತ್ತಿಗೆ ಆರಿಸಿ. ಆ ಮೋಡ್ ಹಿಂದೆ ನಡೆಯುವ ಕೆಲಸಗಳಿಗೆ ಕಡಿವಾಣ ಹಾಕುತ್ತದೆ. ಫೋನನ್ನು ಚಾರ್ಜಿಗೆ ಹಾಕಿ, ಡ್ರೈವ್ ತೆರೆದಿಟ್ಟು ಹತ್ತು ನಿಮಿಷ ಬಿಡಿ.

5. ತೆರೆಯದ ಫೈಲುಗಳನ್ನು ಮೊದಲೇ ಹಿಡಿಯಿರಿ

ನಮ್ಮ ಎಂಟು ಫೈಲಿನಲ್ಲಿ ತೊಂದರೆ ಕೊಡಬಹುದಾದವು ಎರಡು.

ಒಂದು, ಮಗನ ವಿಳಾಸದ ಪುಟ. ಅವನು ಅದನ್ನು ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದಾನೆ. ಅದು ಪಿಡಿಎಫ್‌ನಂತಹ ಫೈಲಲ್ಲ, ಅದನ್ನು ಓದಲು ಡಾಕ್ಸ್ ಎಂಬ ಬೇರೆ ಆ್ಯಪ್ ಬೇಕು. ಅಪ್ಪನ ಫೋನಿನಲ್ಲಿ ಅದು ಇಲ್ಲದಿದ್ದರೆ ವಿಮಾನದೊಳಗೆ ಕೂತು ಅದನ್ನು ಹಾಕಿಕೊಳ್ಳಲು ಆಗುವುದಿಲ್ಲ. ವರ್ಡ್, ಎಕ್ಸೆಲ್ ಫೈಲಿಗೂ ಇದೇ ಮಾತು. ಸುಲಭದ ಉಪಾಯ: ಮಗ ತನ್ನ ಕಂಪ್ಯೂಟರಿನಲ್ಲಿ ಅದನ್ನು ಪಿಡಿಎಫ್ ಮಾಡಿ ಅದೇ ಫೋಲ್ಡರಿಗೆ ಹಾಕಲಿ. ಡಾಕ್ಸ್ ತೆರೆದು `File`, `Download`, ಆಮೇಲೆ `PDF Document` ಒತ್ತಿದರೆ ಆಯಿತು. ಹಳೆಯ ಡಾಕ್ಸ್ ಪುಟದ ಬದಲು ಈ ಪಿಡಿಎಫ್‌ಗೆ ಆಫ್‌ಲೈನ್ ಗುರುತು ಮಾಡಿ. ಪ್ರಯಾಣದಲ್ಲಿ ಓದಲು ಮಾತ್ರ ಬೇಕಾದ ಎಲ್ಲವನ್ನೂ ಪಿಡಿಎಫ್ ಮಾಡಿಬಿಡಿ ಎಂಬುದು ನನ್ನ ಗಟ್ಟಿ ಸಲಹೆ.

ಇನ್ನೊಂದು, ಡಾಕ್ಟರ ಚೀಟಿ. ಅದು ಡ್ರೈವ್‌ನಲ್ಲೇ ಇಲ್ಲ, ಗೂಗಲ್ ಫೋಟೋಸ್‌ನಲ್ಲಿದೆ. ಫೋನಿನಲ್ಲಿ ಜಾಗ ಮಾಡಲು ಎಂದೋ `Free up space` ಒತ್ತಿದ್ದರೆ ಆ ಚಿತ್ರದ ಮೂಲ ಪ್ರತಿ ಫೋನಿನಿಂದ ಹೋಗಿರುತ್ತದೆ. ಪಟ್ಟಿಯಲ್ಲಿ ಪುಟ್ಟ ಚಿತ್ರ ಕಾಣುತ್ತದೆ, ಮುಟ್ಟಿದರೆ ಮಸುಕಾಗಿ ನಿಲ್ಲುತ್ತದೆ. ಅಕ್ಷರ ದೊಡ್ಡದು ಮಾಡಿ ನೋಡಿದರೆ ಮಾತ್ರೆಯ ಹೆಸರು ಓದಲಾಗದು. ಆ ಫೋಟೋ ತೆರೆದು, ಮೂರು ಚುಕ್ಕೆಯಲ್ಲಿ ಡೌನ್‌ಲೋಡ್ ಆಯ್ಕೆ ಸಿಕ್ಕರೆ ಅದು ಫೋನಿನಲ್ಲಿಲ್ಲ ಎಂದರ್ಥ. ಇಳಿಸಿಕೊಳ್ಳಿ, ಇಲ್ಲವೇ ಚೀಟಿಯ ಹೊಸ ಫೋಟೋ ತೆಗೆಯಿರಿ. ಎರಡರಲ್ಲಿ ಯಾವುದಾದರೂ ಅದನ್ನು ಡ್ರೈವ್‌ಗೂ ಹಾಕಿ ಆಫ್‌ಲೈನ್ ಗುರುತು ಮಾಡಿ.

ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್ ಮೇಲೆ ಕೆಳಮುಖದ ಬಾಣ ಇನ್ನೂ ಕಾಣುತ್ತಿದ್ದರೆ ಅದೂ ಇಳಿದಿಲ್ಲ. ಒಮ್ಮೆ ಮುಟ್ಟಿದರೆ ಇಳಿಯುತ್ತದೆ.

ಪಾಸ್‌ವರ್ಡ್ ಇರುವ ಪಿಡಿಎಫ್‌ಗಳ ವಿಷಯದಲ್ಲೂ ಜಾಗ್ರತೆ. ಫೈಲು ಫೋನಿನಲ್ಲಿರುತ್ತದೆ, ಆದರೆ ಪಾಸ್‌ವರ್ಡ್ ಹೇಳುವ ಮೇಲ್ ಇಂಟರ್ನೆಟ್ ಇಲ್ಲದೆ ತೆರೆಯದೇ ಇರಬಹುದು. ಇ-ಆಧಾರ್ ಜೊತೆಗಿದ್ದರೆ ಅದರ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ. ಹೆಸರು SAVITHRI, ಹುಟ್ಟಿದ್ದು 1956 ಆದರೆ `SAVI1956`. ಬೇರೆ ಫೈಲುಗಳ ಪಾಸ್‌ವರ್ಡ್ ಏನೆಂದು ಈಗಲೇ ನೋಡಿಕೊಳ್ಳಿ.

6. ಏರೋಪ್ಲೇನ್ ಮೋಡ್ ಪರೀಕ್ಷೆ

ಇಡೀ ಲೇಖನದಲ್ಲಿ ಒಂದನ್ನೇ ಮಾಡುವುದಿದ್ದರೆ ಇದನ್ನು ಮಾಡಿ. ಪರದೆಯ ಮೇಲಿನ ಸರಿ ಗುರುತನ್ನು ನೋಡಿ ಸಮಾಧಾನ ಮಾಡಿಕೊಳ್ಳಬೇಡಿ, ಇಂಟರ್ನೆಟ್ ತೆಗೆದು ನೋಡಿ.

ಏರೋಪ್ಲೇನ್ ಮೋಡ್ ಹಾಕಿ. ಹಾಕಿದ ಮೇಲೆ ವೈಫೈ ಚಿಹ್ನೆ ಹೋಗಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಹಿಂದೆ ಎಂದಾದರೂ ಏರೋಪ್ಲೇನ್ ಮೋಡ್‌ನಲ್ಲಿ ವೈಫೈ ಆನ್ ಮಾಡಿದ್ದರೆ ಈಗಿನ ಫೋನುಗಳು ಅದನ್ನು ನೆನಪಿಟ್ಟುಕೊಂಡು ವೈಫೈಯನ್ನು ಹಾಗೇ ಬಿಡುತ್ತವೆ. ಆಗ ನಿಮ್ಮ ಪರೀಕ್ಷೆಗೆ ಅರ್ಥವೇ ಇರುವುದಿಲ್ಲ. ವೈಫೈ ಉಳಿದಿದ್ದರೆ ಕೈಯಿಂದ ಆರಿಸಿ.

ನಂತರ ಡ್ರೈವ್ ಆ್ಯಪನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಮೂರು ಗೆರೆ ಮುಟ್ಟಿ `Offline` ಒಳಗೆ ಹೋಗಿ. ಎಣಿಸಿ. ನಮ್ಮ ಉದಾಹರಣೆಯಲ್ಲಿ ಎಂಟು ಇರಬೇಕು. ಒಂದೊಂದನ್ನೂ ತೆರೆದು ಕೊನೆಯ ಪುಟದವರೆಗೆ ಸರಿಸಿ. ಟಿಕೆಟ್‌ನಲ್ಲಿ ವಾಪಸು ಬರುವ ದಿನಾಂಕ ಓದಿ. ವಿಮೆಯಲ್ಲಿ ತುರ್ತಿಗೆ ಕರೆ ಮಾಡುವ ನಂಬರ್ ಓದಿ. ಪಾಸ್‌ಪೋರ್ಟ್ ಚಿತ್ರವನ್ನು ದೊಡ್ಡದು ಮಾಡಿ ಸಂಖ್ಯೆ ಸ್ಪಷ್ಟ ಇದೆಯೇ ನೋಡಿ.

ಮಗ ದೂರದಲ್ಲಿದ್ದರೆ ಈ ಪರೀಕ್ಷೆಯನ್ನು ಫೋನಿನಲ್ಲಿ ಮಾತಾಡುತ್ತಾ ಮಾಡಿಸಬಹುದು. ಅಮ್ಮನ ಫೋನಿಗೆ ಕರೆ ಮಾಡಿ ಅಪ್ಪನ ಫೋನನ್ನು ಪರೀಕ್ಷಿಸಿ, ಆಮೇಲೆ ಅದಲು ಬದಲು.

"ಅಪ್ಪಾ, ವಿಮಾನದ ಚಿತ್ರ ಒತ್ತಿದ್ರಾ? ಮೇಲೆ ವೈಫೈ ಗುರುತು ಇದೆಯಾ ಈಗ?"

"ಇಲ್ಲ ಕಣೋ, ಹೋಯ್ತು."

"ಸರಿ, ಈಗ ವಿಮೆ ಫೈಲು ತೆಗೀರಿ. ಎರಡನೇ ಪುಟದಲ್ಲಿ ಕೊನೇ ಸಾಲು ಏನಿದೆ ಓದಿ."

ತೆರೆದಿದೆಯಾ ಎಂದು ಕೇಳಬೇಡಿ, ಓದಿ ಎಂದು ಹೇಳಿ. "ಹೂಂ, ತೆರೀತು" ಅನ್ನುವಾಗ ಅವರು ನೋಡುತ್ತಿರುವುದು ಬರೀ ಹೆಸರಿನ ಪಟ್ಟಿ ಆಗಿರಬಹುದು.

ಅಮ್ಮನ ಫೋನಿನಲ್ಲಿ ಮೊದಲಿಂದ ಎಲ್ಲವನ್ನೂ ಬೇರೆಯಾಗಿಯೇ ಮಾಡಬೇಕು. ಆಫ್‌ಲೈನ್ ಗುರುತು ಆಯಾ ಫೋನಿಗೆ ಮಾತ್ರ. ಒಂದೇ ಜಿಮೇಲ್ ಎರಡು ಫೋನಿನಲ್ಲಿದ್ದರೂ ಒಂದರಲ್ಲಿ ಮಾಡಿದ್ದು ಇನ್ನೊಂದಕ್ಕೆ ಬರುವುದಿಲ್ಲ. ಇಬ್ಬರ ಫೋನಿನಲ್ಲೂ ಇಬ್ಬರ ಕಾಗದಗಳೂ ಇರಲಿ. ಒಂದರ ಬ್ಯಾಟರಿ ಮುಗಿದರೆ ಇನ್ನೊಂದು ಇರುತ್ತದೆ.

7. ಮಾಡಿದ ಮೇಲೆ ಕೆಡಿಸಿಕೊಳ್ಳಬೇಡಿ

ಡ್ರೈವ್‌ನ ಆಫ್‌ಲೈನ್ ಪ್ರತಿ ಆ ಆ್ಯಪ್‌ನ ಒಳಗೇ ಇರುತ್ತದೆ. ಫೋನಿನ ಫೈಲ್ ಮ್ಯಾನೇಜರ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಆದ್ದರಿಂದ ಆ್ಯಪ್ ತೆಗೆದುಹಾಕಿದರೆ, ಖಾತೆಯಿಂದ ಹೊರಬಂದರೆ, ಅಥವಾ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡ್ರೈವ್‌ಗೆ `Clear storage` ಒತ್ತಿದರೆ ಪ್ರತಿಗಳೂ ಹೋಗುತ್ತವೆ. ಫೋನ್ ನಿಧಾನವಾಗಿದೆ ಎಂದು ದಾರಿಯಲ್ಲಿ ಯಾರೋ ನೆಂಟರು ಕ್ಲೀನ್ ಮಾಡಿಕೊಡಲು ಹೊರಟರೆ ನಯವಾಗಿ ಬೇಡ ಎನ್ನಿ.

ಟಿಕೆಟ್ ಮತ್ತು ವಿಳಾಸದ ಪುಟ, ಈ ಎರಡನ್ನು ಮಾತ್ರ ಅದೇ ಮೂರು ಚುಕ್ಕೆಯಲ್ಲಿ `Download` ಒತ್ತಿ ಇನ್ನೊಂದು ಪ್ರತಿ ಇಟ್ಟುಕೊಳ್ಳಿ. ಇದು ಫೋನಿನ ಡೌನ್‌ಲೋಡ್ಸ್ ಫೋಲ್ಡರಿಗೆ ಹೋಗುತ್ತದೆ, ಡ್ರೈವ್ ಕೈಕೊಟ್ಟರೂ ತೆರೆಯುತ್ತದೆ. ಎಲ್ಲವನ್ನೂ ಹೀಗೇ ಇಳಿಸಿದರೆ ಸಾಕಲ್ಲ ಎಂದು ಕೇಳುವವರಿದ್ದಾರೆ. ವ್ಯತ್ಯಾಸ ಇದೆ. ಡ್ರೈವ್‌ನಲ್ಲಿ ಮೂಲ ಫೈಲು ಬದಲಾದರೆ, ಇಂಟರ್ನೆಟ್ ಸಿಕ್ಕಾಗ ಆಫ್‌ಲೈನ್ ಪ್ರತಿಯೂ ಹೊಸದಾಗುತ್ತದೆ. ಡೌನ್‌ಲೋಡ್ ಮಾಡಿದ್ದು ಇಳಿಸಿದ ದಿನ ಹೇಗಿತ್ತೋ ಹಾಗೇ ಉಳಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ವಿಮಾನದ ಸಮಯ ಬದಲಾಗಿ ಮಗ ಹೊಸ ಟಿಕೆಟನ್ನು ಬೇರೆ ಫೈಲಾಗಿ ಹಾಕಿದರೆ ಅದಕ್ಕೆ ಆಫ್‌ಲೈನ್ ಗುರುತು ಇರುವುದಿಲ್ಲ. ಅಪ್ಪನ ಫೋನಿನಲ್ಲಿ ಹಳೆಯ ಟಿಕೆಟ್ಟೇ ತೆರೆಯುತ್ತದೆ. ಕಂಪ್ಯೂಟರಿನಲ್ಲಿ ಹಳೆಯ ಫೈಲಿನ ಮೇಲೆಯೇ ಹೊಸದನ್ನು ಹಾಕಲು `Manage versions` ಎಂಬ ಆಯ್ಕೆ ಇದೆ, ಅದನ್ನು ಬಳಸಿ. ಹಾಗೆ ಮಾಡಿದರೂ ಹೊರಡುವ ಮುನ್ನ ಫೋನನ್ನು ಇಂಟರ್ನೆಟ್‌ಗೆ ಸೇರಿಸಿ, ಟಿಕೆಟ್ ತೆರೆದು ಸಮಯ ನೋಡಿಕೊಳ್ಳಲು ಹೇಳಿ.

ಫೋನನ್ನೇ ತೆಗೆಯಬಾರದ ಜಾಗ

ಅಮೆರಿಕದಲ್ಲಿ ಇಮಿಗ್ರೇಷನ್ ಸಾಲಿನಲ್ಲಿ ಫೋನ್ ಬಳಸಬಾರದು ಎಂಬ ಫಲಕ ಇರುತ್ತದೆ. ಅಧಿಕಾರಿ "ಎಲ್ಲಿ ಉಳಿಯುತ್ತೀರಿ, ಎಷ್ಟು ದಿನ" ಎಂದು ಕೇಳುವುದು ಅಲ್ಲೇ. ಹಾಗಾಗಿ ವಿಳಾಸದ ಪುಟ, ಟಿಕೆಟ್, ವಿಮೆ ಈ ಮೂರನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಕೈಚೀಲದಲ್ಲಿ ಇಡಿ. ದೊಡ್ಡ ಸೂಟ್‌ಕೇಸಿನಲ್ಲಿ ಬೇಡ, ಅದು ಕೈಗೆ ಸಿಗುವುದು ಇಮಿಗ್ರೇಷನ್ ಮುಗಿದ ಮೇಲೆ. ಪಾಸ್‌ಪೋರ್ಟ್, ವೀಸಾಗಳ ಅಸಲು ಹೇಗೂ ಕೈಯಲ್ಲೇ ಇರಬೇಕು. ಫೋನಿನಲ್ಲಿರುವ ಪ್ರತಿ ಅಸಲು ಕಳೆದುಹೋದರೆ ಸಂಖ್ಯೆ ಹೇಳಲು ಮಾತ್ರ.

ಐಫೋನ್ ಇದ್ದರೆ

ಡ್ರೈವ್ ಆ್ಯಪ್‌ನಲ್ಲಿ ಹೆಚ್ಚುಕಡಿಮೆ ಇದೇ ದಾರಿ. ಫೈಲುಗಳು ಐಕ್ಲೌಡ್‌ನಲ್ಲಿದ್ದರೆ ಫೈಲ್ಸ್ ಆ್ಯಪ್ ತೆರೆದು ನೋಡಿ. ಹೆಸರಿನ ಪಕ್ಕ ಬಾಣ ಇರುವ ಮೋಡದ ಚಿಹ್ನೆ ಇದ್ದರೆ ಅದು ಫೋನಿನಲ್ಲಿಲ್ಲ. ಫೈಲನ್ನು ಒತ್ತಿ ಹಿಡಿದು `Download Now` ಆರಿಸಿ. ಐಓಎಸ್ 18ರಿಂದ `Keep Downloaded` ಕೂಡ ಬಂದಿದೆ, ಪ್ರಯಾಣಕ್ಕೆ ಅದೇ ಒಳ್ಳೆಯದು. ಬರೀ ಇಳಿಸಿದ ಫೈಲನ್ನು ಜಾಗ ಸಾಲದಾಗ ಫೋನ್ ಮತ್ತೆ ತೆಗೆದುಬಿಡಬಹುದು, ಇದನ್ನು ತೆಗೆಯುವುದಿಲ್ಲ. ಏರೋಪ್ಲೇನ್ ಮೋಡ್ ಪರೀಕ್ಷೆ ಇಲ್ಲೂ ಬೇಕು.

ನೆಟ್‌ವರ್ಕ್ ಇಲ್ಲದ ಊರಿಗೆ ಹೊರಟವರಿಗೆ

ಕುದುರೆಮುಖ ಚಾರಣಕ್ಕೋ, ಘಟ್ಟದ ಕೆಳಗಿನ ಹೋಂಸ್ಟೇಗೋ ಹೊರಟಿದ್ದರೂ ಹಂತಗಳು ಇವೇ. ಅರಣ್ಯ ಇಲಾಖೆಯ ಅನುಮತಿ ಪತ್ರ, ಎಲ್ಲರ ಗುರುತಿನ ಚೀಟಿ, ಹೋಂಸ್ಟೇ ರಸೀದಿ, ವಾಪಸು ಬಸ್ಸಿನ ಟಿಕೆಟ್ ಸಾಕು. ಜೊತೆಗೆ ದಾರಿಯ ನಕ್ಷೆ ಬೇಕು. ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಚಿತ್ರ ಮುಟ್ಟಿ `Offline maps` ಒಳಗೆ ಹೋಗಿ ಆ ಪ್ರದೇಶ ಇಳಿಸಿಕೊಳ್ಳಬಹುದು. ಆದರೆ ಇಂಟರ್ನೆಟ್ ಇಲ್ಲದಾಗ ಅದು ಗಾಡಿಯ ದಾರಿಯನ್ನು ಮಾತ್ರ ತೋರಿಸುತ್ತದೆ, ನಡೆಯುವ ದಾರಿ ಹೇಳುವುದಿಲ್ಲ. ಕಾಡಿನ ಕಾಲುದಾರಿಗೆ ಅದನ್ನು ನಂಬಿ ಹೊರಡಬೇಡಿ, ಗೈಡ್ ಜೊತೆಗೇ ಹೋಗಿ. ಇಳಿಸಿದ ನಕ್ಷೆಗೆ ಅವಧಿಯೂ ಇದೆ. ಕಳೆದ ವರ್ಷ ಇಳಿಸಿದ್ದು ಈಗಲೂ ಇದೆ ಎಂದುಕೊಳ್ಳದೆ ಹೊಸದಾಗಿ ಇಳಿಸಿ.

ಊರು ತಲುಪಿದ ಮೇಲೆ

ಕೆಲಸ ಮುಗಿದ ಫೈಲುಗಳ ಆಫ್‌ಲೈನ್ ಗುರುತನ್ನು ತೆಗೆಯಿರಿ. ಅದೇ ಮೂರು ಚುಕ್ಕೆ, ಅದೇ ಸಾಲು, ಇನ್ನೊಮ್ಮೆ ಒತ್ತಿದರೆ ಆಯಿತು. ಫೋನಿನ ಪ್ರತಿ ಹೋಗುತ್ತದೆ, ಡ್ರೈವ್‌ನಲ್ಲಿರುವ ಮೂಲ ಹಾಗೇ ಉಳಿಯುತ್ತದೆ. ಅದೇ ಪಟ್ಟಿಯಲ್ಲಿ ಕಸದ ಬುಟ್ಟಿಯ ಚಿತ್ರ ಇರುವ ಸಾಲನ್ನು ಮಾತ್ರ ಮುಟ್ಟಬೇಡಿ, ಅದು ಫೈಲನ್ನೇ ಡ್ರೈವ್‌ನಿಂದ ತೆಗೆಯುವ ಆಯ್ಕೆ. ಡೌನ್‌ಲೋಡ್ಸ್ ಫೋಲ್ಡರಿಗೆ ಇಳಿಸಿಕೊಂಡ ಎರಡು ಪ್ರತಿಗಳನ್ನು ಬೇರೆಯಾಗಿ ಅಳಿಸಬೇಕು. ವಾಪಸು ಬರುವ ಟಿಕೆಟ್ ಮತ್ತು ವಿಮೆಯ ಫೈಲುಗಳ ಗುರುತನ್ನು ಅಪ್ಪ ಅಮ್ಮ ಬೆಂಗಳೂರಿಗೆ ಮರಳುವವರೆಗೆ ಹಾಗೇ ಬಿಡಿ.